ಕೈ ಹಿಂದೆ ಬೀಳದ ಹಾಗೆ ನೋಟ್ಸ್ ಬರೆಯುವುದು

"ಭಾಷಣ ಕೇಳ್ತಾ ಕೇಳ್ತಾನೇ ಅದು ಹೇಗೆ ನೋಟ್ಸ್ ಬರ್ಕೊಳ್ತೀರಿ? ನಾನು ಒಂದು ವಾಕ್ಯ ಬರೆಯೋ ಹೊತ್ತಿಗೆ ಅವರು ಮೂರು ವಾಕ್ಯ ಮುಂದೆ ಹೋಗಿರ್ತಾರೆ."

ವಾಕ್ಯ ಬರೆಯೋದನ್ನು ಬಿಡಿ. ಕೈಗಿಂತ ಬಾಯಿ ಯಾವಾಗಲೂ ಮುಂದೆ. ಎಷ್ಟೇ ಗೀಚಿದರೂ, ಆಡಿದ ಮಾತನ್ನು ಆಡಿದ ಹಾಗೇ ಹಿಡಿಯೋದು ಶೀಘ್ರಲಿಪಿ ಕಲಿತವರಿಗೆ ಮಾತ್ರ ಸಾಧ್ಯ. ನಮಗೆ ಬೇಕಾದದ್ದು ಮಾತಲ್ಲ, ಅದರಲ್ಲಿರುವ ವಿಷಯ. ಅದನ್ನು ಹಿಡಿಯೋದಕ್ಕೆ ಕನ್ನಡದಲ್ಲಿ ಒಂದು ಅನುಕೂಲ, ಒಂದು ತೊಡಕು, ಎರಡೂ ಇವೆ.

ತೊಡಕು ಮೊದಲು ಹೇಳಿಬಿಡುತ್ತೇನೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ, ಆಯಿತೋ ಆಗಲಿಲ್ಲವೋ, ಆಗಿರಬಹುದೋ ಎಲ್ಲಾ ಗೊತ್ತಾಗೋದು ಬಾಲದಲ್ಲೇ. ಭಾಷಣಕಾರರು ಬಾಯಿ ತೆರೆದ ಕೂಡಲೇ ಬರೆಯಲು ಶುರು ಮಾಡಿದವರು ವಾಕ್ಯದ ಮೊದಲರ್ಧ ಬರೆದುಕೊಂಡಿರುತ್ತಾರೆ. ಕೊನೆಗೆ ಬಂದ "ಅನ್ನೋದು ಸರಿಯಲ್ಲ" ಅವರ ಕಿವಿಗೇ ಬಿದ್ದಿರುವುದಿಲ್ಲ. ಅದಕ್ಕೇ ನಾನು ವಾಕ್ಯ ಮುಗಿಯುವ ತನಕ ಪೆನ್ನು ಎತ್ತಿಹಿಡಿದೇ ಕೂತಿರುತ್ತೇನೆ. ಅವರು ಮುಂದಿನ ವಾಕ್ಯಕ್ಕೆ ಉಸಿರು ಎಳೆದುಕೊಳ್ಳುವಾಗ ಹಿಂದಿನದನ್ನು ಬರೆಯುತ್ತೇನೆ. ಅಂದರೆ ಕೈ ಯಾವಾಗಲೂ ಒಂದು ವಾಕ್ಯ ಹಿಂದೆಯೇ ಇರುತ್ತದೆ, ಇರಲಿ. ಹಾಗೆ ತಡೆದುಕೊಂಡಾಗ ಆ ವಾಕ್ಯ ಬರೆಯೋಕೆ ಲಾಯಕ್ಕೇ ಇಲ್ಲ ಅಂತಲೂ ಎಷ್ಟೋ ಸಲ ಗೊತ್ತಾಗುತ್ತದೆ. ವೇದಿಕೆ ಮೇಲಿನ ಗಣ್ಯರಿಗೆ ಹೇಳುವ ನಮಸ್ಕಾರಗಳನ್ನು ಯಾರೂ ಬರೆದುಕೊಳ್ಳಬೇಕಾಗಿಲ್ಲ ಅಲ್ವಾ?

ಒಂದು ಉದಾಹರಣೆ ನೋಡೋಣ. ಬೆಂಗಳೂರಿಗೆ ಕರೆಂಟ್ ಬಂದ ಕಥೆಯ ಬಗ್ಗೆ ಒಬ್ಬರು ಮಾತಾಡುತ್ತಿದ್ದಾರೆ ಅಂದುಕೊಳ್ಳಿ. ಅವರು ಹೇಳೋದು ಹೀಗಿರುತ್ತದೆ:

"ಶಿವನಸಮುದ್ರದ ವಿದ್ಯುತ್ ಕೇಂದ್ರ ಕೆಲಸ ಶುರು ಮಾಡಿದ್ದು 1902ರಲ್ಲಿ. ಅದಕ್ಕಾಗಿ ಓಡಾಡಿದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, ಅವರು 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿದೀಪಕ್ಕಾಗಿಯೇ ಈ ಕೇಂದ್ರ ಕಟ್ಟಿದರು ಅಂತ ಬಹಳ ಜನ ತಿಳಿದುಕೊಂಡಿದ್ದಾರಲ್ಲ, ಅದು ಸರಿಯಲ್ಲ. ಕರೆಂಟ್ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರ್ ದೂರ. ಬೆಂಗಳೂರಿಗೆ ಬಂದದ್ದು ಆಮೇಲೆ, 1905ರಲ್ಲಿ."

ನನ್ನ ಪುಸ್ತಕದಲ್ಲಿ ಇದು ಇಷ್ಟೇ ಇರುತ್ತದೆ:

ಶಿ ಕೇಂದ್ರ ಶುರು 1902
— ಶೇ ನೋಡಲಿಲ್ಲ (ಸಾವು 1901)
— ಬೆಂ ದೀಪಕ್ಕೆ ಅಲ್ಲ
— ಕ: ಶಿ → ಕೋ ಗಣಿ, ~147 ಕಿ.ಮೀ.
— ಆಮೇಲೆ → ಬೆಂ 1905

ಮೂರನೆಯ ಸಾಲು ನೋಡಿ. ವಾಕ್ಯ ಮುಗಿಯುವ ಮೊದಲೇ ಬರೆದಿದ್ದರೆ ಅದು "ಶಿ ಕೇಂದ್ರ ಬೆಂ ದೀಪಕ್ಕಾಗಿ" ಅಂತ ಆಗುತ್ತಿತ್ತು. ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ಕಳೆದುಕೊಳ್ಳಬಹುದಿತ್ತು. ಹಾಗಾಗಿ ಅಲ್ಲ, ಇಲ್ಲ, ಬಾರದು ಇವನ್ನು ಮಾತ್ರ ಎಂದೂ ಚಿಕ್ಕದು ಮಾಡುವುದಿಲ್ಲ. ಪೂರ್ತಿ ಬರೆದು ಅಡಿಗೆರೆ ಎಳೆಯುತ್ತೇನೆ. "ಇರಬಹುದು" ಅಂದರೆ ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ. ಭಾಷಣಕಾರರೇ "ಅಂತೆ" ಅಂದರೆ "ಅಂ". ಯಾಕೆಂದರೆ ಅವರು ಕಂಡುಕೊಂಡದ್ದಕ್ಕೂ ಕೇಳಿದ್ದನ್ನು ದಾಟಿಸಿದ್ದಕ್ಕೂ ವ್ಯತ್ಯಾಸ ಇದೆ.

ಇನ್ನು ಅನುಕೂಲ. ಹೆಸರನ್ನು ಮೊದಲ ಅಕ್ಷರಕ್ಕೆ ಇಳಿಸುವ ಅಭ್ಯಾಸ ನಮಗೆ ಮೊದಲಿನಿಂದಲೂ ಇದೆ. ಕ್ರಿ.ಶ., ಜಿ.ಪಂ., ಕ.ಸಾ.ಪ. ಅಂತ ದಿನಾ ಓದುತ್ತೇವೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅನ್ನೋದು ಕುವೆಂಪು ಆದದ್ದೂ ಹಾಗೇ. ನೋಟ್ಸ್‌ನಲ್ಲೂ ಇದೇ ದಾರಿ: ಮೊದಲ ಅಕ್ಷರ, ಗೊಂದಲ ಆದರೆ ಎರಡನೆಯದೂ ಸೇರಲಿ. ಮೇಲಿನ ಭಾಷಣದಲ್ಲಿ "ವಿ" ಅಂದರೆ ವಿದ್ಯುತ್ ಅಂತ ಇಟ್ಟುಕೊಂಡಿದ್ದರೆ, ಸ್ವಲ್ಪ ಹೊತ್ತಿಗೆ ವಿಶ್ವೇಶ್ವರಯ್ಯ ಬಂದಾಗ ಕಷ್ಟ. ಅದಕ್ಕೇ ಕರೆಂಟ್‌ಗೆ "ಕ". ಒತ್ತಕ್ಷರ ಬರೆಯುವ ತಾಪತ್ರಯವೂ ಇಲ್ಲ.

ಇಂಗ್ಲಿಷ್ ನೋಟ್ಸ್ ಬರೆಯುವವರು ಸ್ವರಗಳನ್ನು ಬಿಟ್ಟು ವ್ಯಂಜನ ಮಾತ್ರ ಬರೆಯುತ್ತಾರೆ, ಅದನ್ನು ಇಲ್ಲಿಗೆ ತರಬೇಡಿ. ಕಾಗುಣಿತ ಬಿಟ್ಟರೆ ಕಾರಣ ಕರಣ ಆಗುತ್ತದೆ. ಕಾವೇರಿಯ ಮೂಲದ ಬಗ್ಗೆ ಬರೆದುಕೊಂಡ ಸಾಲು ಏನಾಗುತ್ತದೆ ಅಂತ ನೀವೇ ಬರೆದು ನೋಡಿ.

ಪದಗಳ ಪಟ್ಟಿ ಬಾಯಿಪಾಠ ಮಾಡಬೇಕಾಗಿಲ್ಲ. ಆ ದಿನದ ವಿಷಯದಲ್ಲಿ ಮತ್ತೆ ಮತ್ತೆ ಬರುವ ನಾಲ್ಕೈದು ಹೆಸರುಗಳಿಗೆ ಮಾತ್ರ ಗುರುತು ಸಾಕು. ಅವನ್ನು ಹಾಳೆಯ ಬಲ ಮೂಲೆಯಲ್ಲಿ ಒಂದು ಚೌಕದೊಳಗೆ ಬರೆದಿಡಿ: ಶಿ = ಶಿವನಸಮುದ್ರ, ಶೇ = ಶೇಷಾದ್ರಿ ಅಯ್ಯರ್. ಆ ಚೌಕ ಇಲ್ಲದಿದ್ದರೆ ಆರು ತಿಂಗಳ ನಂತರ "ಶೇ" ಯಾರು ಅಂತ ನಿಮಗೇ ಹೊಳೆಯುವುದಿಲ್ಲ. ವಿಭಕ್ತಿಯ ಕೆಲಸ ಬಾಣ ಮಾಡುತ್ತದೆ: ಎಲ್ಲಿಂದ, ಎಲ್ಲಿಗೆ ಎರಡೂ ಒಂದೇ ಗೆರೆಯಲ್ಲಿ ಬಂತು. "ಆದ್ದರಿಂದ" ಅನ್ನೋದಕ್ಕೆ ರೇಖಾಗಣಿತದಲ್ಲಿ ಕಲಿತ ∴ ಇದೆ. ಜಾಸ್ತಿಗೆ ↑, ಕಡಿಮೆಗೆ ↓.

ಹಾಳೆಯ ವಿಷಯಕ್ಕೆ ಬಂದರೆ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಟರ್ ಪಾಕ್ ಅನ್ನುವವರು ಜನಪ್ರಿಯ ಮಾಡಿದ ಒಂದು ಕ್ರಮ ಇದೆ. ಎಡಕ್ಕೆ ಸಣ್ಣ ಅಂಕಣ, ಬಲಕ್ಕೆ ದೊಡ್ಡದು, ಕೆಳಗೆ ಸಾರಾಂಶಕ್ಕೆ ಒಂದು ಪಟ್ಟಿ. ಕೆಳಗಿನ ಪಟ್ಟಿ ನನಗೆ ಉಪಯೋಗಕ್ಕೆ ಬಂದಿಲ್ಲ, ಸುಮ್ನೆ ಜಾಗ ತಿನ್ನುತ್ತದೆ. ಎಡ ಅಂಕಣ ಮಾತ್ರ ಬಿಡಲಾರೆ. ಹಾಳೆಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಜಾಗ ಬಿಟ್ಟು ಗೆರೆ ಎಳೆಯುತ್ತೇನೆ. ಭಾಷಣ ನಡೆಯುವಾಗ ಬರೆಯೋದೆಲ್ಲಾ ಬಲಕ್ಕೆ. ಮುಖ್ಯ ವಿಷಯ ಗೆರೆಗೆ ಅಂಟಿಕೊಂಡು, ಅದರ ವಿವರ ಒಂದು ಬೆರಳಗಲ ಒಳಗೆ. ವಿಷಯ ಬದಲಾದರೆ ಎರಡು ಸಾಲು ಖಾಲಿ. ಭಾಷಣಕಾರರು ತಿರುಗಿ ಹಳೆ ಮಾತಿಗೆ ಬಂದಾಗ ಆ ಖಾಲಿ ಜಾಗ ಕೆಲಸಕ್ಕೆ ಬರುತ್ತದೆ, ಬಂದೇ ಬರುತ್ತಾರೆ.

ಏನಾದರೂ ತಪ್ಪಿಹೋದರೆ ಪಕ್ಕದವರನ್ನು ಕೇಳಬೇಡಿ. ಕೇಳುವಷ್ಟರಲ್ಲಿ ಇನ್ನೆರಡು ವಾಕ್ಯ ಹೋಗಿರುತ್ತದೆ, ಅವರದ್ದೂ. ಒಂದು ಅಡ್ಡಗೆರೆ ಎಳೆದು ಮುಂದೆ ಹೋಗಿ. ಕೊನೆಯಲ್ಲಿ ಪ್ರಶ್ನೆ ಕೇಳುವ ಹೊತ್ತಿಗೆ ಏನು ಕೇಳಬೇಕು ಅಂತ ಆ ಗೆರೆಯೇ ಹೇಳುತ್ತದೆ.

ಎಡ ಅಂಕಣ ತುಂಬುವುದು ಅದೇ ದಿನ ರಾತ್ರಿ. ಮೇಲಿನ ಸಾಲುಗಳ ಎದುರಿಗೆ ನಾನು ಬರೆಯೋದು "ಗಣಿಗೇ ಮೊದಲು ಯಾಕೆ?", "1902ರಿಂದ 1905ರ ತನಕ ಏನಾಯಿತು?" ಅಂತ. ಬಲಭಾಗವನ್ನು ಕೈಯಿಂದ ಮುಚ್ಚಿ ಈ ಪ್ರಶ್ನೆಗಳಿಗೆ ಉತ್ತರ ಹೇಳಿಕೊಂಡರೆ ಏನು ಅರ್ಥವಾಗಿದೆ, ಏನಿಲ್ಲ ಅಂತ ಗೊತ್ತಾಗುತ್ತದೆ. ಮೊದಲನೆಯ ಪ್ರಶ್ನೆಗೆ ನನ್ನ ನೋಟ್ಸ್‌ನಲ್ಲಿ ಉತ್ತರವೇ ಇಲ್ಲ, ನೋಡಿ. ಮರುದಿನಕ್ಕೆ ಬಿಟ್ಟರೆ "ಶೇ ನೋಡಲಿಲ್ಲ" ಅಂದರೆ ಏನನ್ನು ನೋಡಲಿಲ್ಲ ಅನ್ನೋದೇ ಮರೆತಿರುತ್ತದೆ.

ಈ ಕ್ರಮ ಎಲ್ಲಾ ಕಡೆ ನಡೆಯುವುದಿಲ್ಲ. ಗಣಿತದ ತರಗತಿಯಲ್ಲಿ ಬೋರ್ಡಿನ ಮೇಲಿರುವ ಹಂತಗಳನ್ನು ಒಂದೂ ಬಿಡದೆ ನಕಲು ಮಾಡಲೇಬೇಕು. ಕಾನೂನಿನ ಕಲಮು, ವಿಜ್ಞಾನದ ವ್ಯಾಖ್ಯೆ ಇವನ್ನೂ ಪದಕ್ಕೆ ಪದ ಬರೆಯಬೇಕು. ವಚನವನ್ನೋ ಪದ್ಯವನ್ನೋ ಹೇಳಿದರೆ ಮೊದಲ ಎರಡು ಪದ, ಯಾರದ್ದು ಅನ್ನೋದು, ಇಷ್ಟು ಸಾಕು. ಉಳಿದದ್ದು ಮನೆಗೆ ಹೋದ ಮೇಲೆ ಪುಸ್ತಕದಲ್ಲಿ ಸಿಗುತ್ತದೆ.