ಕೀ ಆನ್ಸರ್‌ನಲ್ಲಿ ಸಿಕ್ಕಿಬಿದ್ದ ಜಿಪುಣ

ಮಂಡ್ಯದ ಒಂದು ಕೋಚಿಂಗ್ ಸೆಂಟರಿನಲ್ಲಿ ನಾನು ಕನ್ನಡ ವ್ಯಾಕರಣ ಹೇಳಿಕೊಡ್ತೀನಿ. ಪ್ರತಿ ಭಾನುವಾರ ಮಾಕ್ ಟೆಸ್ಟ್. ಪೇಪರ್ ತೆಗೆಯೋದೂ ನಾನೇ, ಕೀ ಹಾಕೋದೂ ನಾನೇ. ಇನ್ನೊಬ್ಬರಿಗೆ ತೋರಿಸೋಣ ಅಂದ್ರೆ ಮ್ಯಾನೇಜ್‌ಮೆಂಟಿಗೆ ಅದು ದಂಡದ ಖರ್ಚು.

ಒಂದು ಶನಿವಾರ ರಾತ್ರಿ ಹಳೇ ಸೆಟ್ಟಿನಿಂದ ಒಂದು ಪ್ರಶ್ನೆ ಎತ್ತಿಕೊಂಡೆ. 'ಮಿತವ್ಯಯಿ' ಪದದ ವಿರುದ್ಧಾರ್ಥಕ ಯಾವುದು? ಕೀ: ದುಂದುಗಾರ. ಹಳೇ ಪ್ರಶ್ನೆ ಅಂತ ಗೊತ್ತಾಗಬಾರದಲ್ವಾ, ಮಿತವ್ಯಯಿ ತೆಗೆದು 'ಜಿಪುಣ' ಅಂತ ಹಾಕಿದೆ. ಆಯ್ಕೆಗಳು ಲೋಭಿ, ಉದಾರಿ, ದುಂದುಗಾರ, ಬಡವ. ಕೀ ಮುಟ್ಟಲಿಲ್ಲ.

ಸೋಮವಾರ ಓಎಂಆರ್ ರಿಪೋರ್ಟ್ ಬಂತು. ಯಾವಾಗಲೂ ಮುಂದಿರೋ ಮಕ್ಕಳೆಲ್ಲ ಆ ಒಂದೇ ಪ್ರಶ್ನೆಯಲ್ಲಿ ತಪ್ಪು, ಎಲ್ಲರೂ 'ಉದಾರಿ' ತುಂಬಿದ್ದಾರೆ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಚೆನ್ನಾಗಿ ಓದೋರು ಒಟ್ಟಿಗೆ ಒಂದೇ ಕಡೆ ಜಾರಿದ್ರೆ ಮೊದಲು ನೋಡಬೇಕಾದ್ದು ಕೀ. ನಾನು ನೋಡಲಿಲ್ಲ. ಕ್ಲಾಸಲ್ಲಿ ನಿಂತು ವಾದಕ್ಕಿಳಿದೆ: "ಜಿಪುಣ ಕಾಸು ಬಿಚ್ಚಲ್ಲ, ದುಂದುಗಾರ ಬೇಕಾಬಿಟ್ಟಿ ಉಡಾಯಿಸ್ತಾನೆ. ಉಲ್ಟಾ ತಾನೇ?"

ಮೂರನೇ ಬೆಂಚಿನ ಹುಡುಗಿ ಎದ್ದಳು. "ಮಿತವ್ಯಯಿಗೆ ವಿರುದ್ಧ ಏನು ಸಾರ್?"

"ದುಂದುಗಾರ," ಅಂದೆ, ಯೋಚಿಸದೆ.

"ಹಂಗಾದ್ರೆ ಜಿಪುಣ, ಮಿತವ್ಯಯಿ ಎರಡೂ ಒಂದೇನಾ ಸಾರ್? ನಮ್ಮವ್ವ ನೋಡ್ಕೊಂಡು ಖರ್ಚು ಮಾಡ್ತಾಳೆ. ಅವಳನ್ನ ಜಿಪುಣಿ ಅಂದ್ರೆ ಅವತ್ತು ಮನೇಲಿ ಮುದ್ದೆ ಸಿಗಲ್ಲ."

ಕ್ಲಾಸು ಗೊಳ್ಳೆಂದಿತು. ನಾನು ಬೋರ್ಡಿನ ಕಡೆ ತಿರುಗಿ ಅಳಿಸಿದ್ದನ್ನೇ ಮತ್ತೆ ಅಳಿಸುತ್ತಾ ನಿಂತೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಟ್. ಅಂದ್ರೆ ಸರಿ ಬರೆದವರಿಗೆ ನಾನು ಒಂದೂಕಾಲು ಅಂಕ ಕಳೆದಿದ್ದೆ.

ಆಮೇಲೆ ಬೋರ್ಡಿನ ಮೇಲೆ ನಾಲ್ಕು ಮನೆ ಹಾಕಿದೆ. ಕೈ ಬಿಗಿ ಇರೋರಲ್ಲಿ ಹೊಗಳಿಕೆಗೆ ಮಿತವ್ಯಯಿ, ತೆಗಳಿಕೆಗೆ ಜಿಪುಣ. ಕೈ ಬಿಚ್ಚೋರಲ್ಲಿ ಹೊಗಳಿಕೆಗೆ ಉದಾರಿ, ತೆಗಳಿಕೆಗೆ ದುಂದುಗಾರ. ಜಿಪುಣನಿಂದ ದುಂದುಗಾರನಿಗೆ ಹೋದರೆ ಖರ್ಚು ಮಾತ್ರ ತಿರುಗುತ್ತೆ, ಬೈಗುಳ ಬೈಗುಳವಾಗಿಯೇ ಉಳಿಯುತ್ತೆ. ಎರಡೂ ತಿರುಗೋದು ಉದಾರಿಯಲ್ಲಿ. ಸಮಾನಾರ್ಥಕ ಕೇಳಿದ್ರೆ ಎರಡೂ ಹಾಗೇ ಉಳೀಬೇಕು, ಅದಕ್ಕೇ ಜಿಪುಣನಿಗೆ ಲೋಭಿ ಸರಿ, ಮಿತವ್ಯಯಿ ಅಲ್ಲ. ಅನುಮಾನ ಬಂದರೆ ಒಂದು ವಾಕ್ಯದಲ್ಲಿ ಕೂರಿಸಿ ನೋಡಿ: "ನಮ್ಮವ್ವ ___, ಅದಕ್ಕೇ ಮನೆ ನಡೀತು." ಅಲ್ಲಿ ಜಿಪುಣಿ ಅಂತ ಹಾಕಿದ್ರೆ ಹೊಗಳಿದ ಹಾಗೂ ಇಲ್ಲ, ಬೈದ ಹಾಗೂ ಇಲ್ಲ. ಹಗಲು-ರಾತ್ರಿ ತರದ ಪದಗಳಿಗೆ ಈ ಗೊಡವೆಯೇ ಇಲ್ಲ.

ಕೀ ಬದಲಾಯಿಸಿ, ಶೀಟುಗಳನ್ನೆಲ್ಲ ಮತ್ತೆ ಸ್ಕ್ಯಾನ್ ಮಾಡಿಸಿದೆ. ರ‍್ಯಾಂಕ್ ಲಿಸ್ಟ್ ಎರಡನೇ ಸಲ ಪ್ರಿಂಟ್ ಹಾಕಿಸಿದ್ದಕ್ಕೆ ಆಫೀಸಿನಲ್ಲಿ ಗೊಣಗಾಟ. ದುಂದುಗಾರ ಉತ್ತರ ಅಂತ ಪಟ್ಟು ಹಿಡಿದ ಕೆಲವರು ಇನ್ನೂ ಒಪ್ಪಿಲ್ಲ. ಅವರದ್ದೂ ಪೂರ್ತಿ ತಪ್ಪಲ್ಲ, ಎರಡನ್ನೂ ಒಂದೇ ಪ್ರಶ್ನೆಯ ಆಯ್ಕೆಯಲ್ಲಿಟ್ಟದ್ದು ನಾನು. ಮುಂದಿನ ಸೆಟ್ಟಿನಲ್ಲಿ ದುಂದುಗಾರನನ್ನು ತೆಗೆದು ಅಲ್ಲಿ 'ಸೋಮಾರಿ' ಹಾಕಿದ್ದೀನಿ.