ಸೆರಗಿನ ಕೆಳಗೆ ಎರಡು ಬೆರಳು

ಬುಧವಾರದಿಂದ ಒಂದೇ ನೋಟ ಕಣ್ಣ ಮುಂದೆ ಬರ್ತಾ ಇದೆ. ನನ್ನ ಅಕ್ಕನ ಮಗಳು ಕನ್ನಡಿ ಮುಂದೆ ನಿಂತಿದ್ದಾಳೆ. ಎದುರು ಮನೆ ಕಾಕು ಅವಳ ಎಡ ಭುಜದ ಹತ್ತಿರ ಬಂದು, ಕತ್ತಿನ ಕಡೆಯಿಂದ ತಮ್ಮ ಎರಡು ಬೆರಳನ್ನು ಅವಳ ಟೀ ಶರ್ಟಿನೊಳಗೆ ಇಟ್ಟು, ಆಮೇಲೆ ಮೇಲಿನಿಂದ ಪಿನ್ನು ಚುಚ್ಚುತ್ತಾರೆ. ಪಿನ್ನು ಜಾರಿದರೆ ಚುಚ್ಚುವುದು ಅವರ ಬೆರಳಿಗೆ. ಹುಡುಗಿಯ ಮೈಗಲ್ಲ.

ಟೀ ಶರ್ಟ್ ಮೇಲೆ ಸೀರೆ ಯಾಕೆ ಅಂದರೆ, ಕುಪ್ಪಸ ಬರಲಿಲ್ಲ. ಹೊಲಿಯುವವರು ಸೋಮವಾರ ಕೊಡ್ತೀನಿ ಅಂದರು, ಮಂಗಳವಾರ ಸಂಜೆ ಕೊಡ್ತೀನಿ ಅಂದರು. ಬುಧವಾರ ಬೆಳಿಗ್ಗೆ ಫೋನು ಎತ್ತಲಿಲ್ಲ. ಆಗಲ್ಲ ಅಂತ ಮೊದಲೇ ಹೇಳಿದ್ದರೆ ನನಗೆ ಬೇಜಾರಿರಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿಗೆ ಕಾಲೇಜಿನಲ್ಲಿ ಸೀರೆ ಉಡುವ ದಿನ ಅಂದರೆ ಸಣ್ಣ ವಿಷಯ ಅಲ್ಲ. ಅದೂ ನಮ್ಮಜ್ಜಿಯ ಇಳಕಲ್ ಸೀರೆ. ಕಪ್ಪು ಮೈ, ಕೆಂಪು ಟೋಪ ತೆನಿ ಸೆರಗು. ಅವಳ ಹತ್ತಿರ ಹೊಂದುವಂಥದ್ದು ಅಂದರೆ ಒಂದು ಕಪ್ಪು ಟೀ ಶರ್ಟ್ ಮಾತ್ರ. ಚಿತ್ರ ಇಲ್ಲ, ಅಕ್ಷರ ಇಲ್ಲ, ದುಂಡು ಕತ್ತು. "ಇದರ ಮ್ಯಾಲೇ ಉಡಿಸು ಚಿಗವ್ವ" ಅಂದಳು.

ಮೊದಲು ನಾನೇ ಉಡಿಸಿದೆ. ಇಪ್ಪತ್ತು ವರ್ಷದಿಂದ ಸೀರೆ ಉಡುವವಳು ನಾನು, ಇದೇನು ಮಹಾ ಅಂದುಕೊಂಡಿದ್ದೆ. ಸೆರಗಿಗೆ ಎಂಟು ನಿರಿಗೆ ಹಿಡಿದೆ. ಸಣ್ಣ ನಿರಿಗೆ ಚೆಂದ ಅಂತ. ಭುಜದ ತುದಿಯಲ್ಲಿ ಒಂದು ದೊಡ್ಡ ಪಿನ್ನು ಹಾಕಿದೆ. ಎರಡು ನಿಮಿಷ ಚೆನ್ನಾಗೇ ಇತ್ತು. ಅವಳು ಚಪ್ಪಲಿ ಹುಡುಕಲು ಬಗ್ಗಿ ಎದ್ದಳು. ಅಷ್ಟರಲ್ಲಿ ಟೀ ಶರ್ಟಿನ ಕತ್ತು ಎಡಕ್ಕೆ ವಾಲಿತ್ತು. ಮುಂದಿನ ಅಂಚು ಗಂಟಲಿಗೆ ಏರಿತ್ತು. ಒಳ ಉಡುಪಿನ ಪಟ್ಟಿ ಕಾಣುತ್ತಿತ್ತು. ಪಿನ್ನು ಚುಚ್ಚಿದ ಜಾಗದಲ್ಲಿ ಬಟ್ಟೆ ಸೂಜಿಮೊನೆಯಷ್ಟು ಎದ್ದು ನಿಂತಿತ್ತು. ನಮ್ಮಕ್ಕ ಅಡುಗೆ ಮನೆಯಿಂದಲೇ "ಇನ್ನೆರಡು ಪಿನ್ನು ಹಾಕು" ಅಂದಳು. ಅವಳು ಯಾವುದಕ್ಕೂ ಹಾಗೇ. ಸಾರಿಗೆ ರುಚಿ ಬರದಿದ್ದರೆ ಇನ್ನೊಂದು ಚಮಚ ಖಾರ. ನಾನು ಹಾಕಿದೆ. ಇನ್ನೂ ಕೆಟ್ಟಿತು.

ಆಗ ಕಾಕು ಬಂದರು. ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರದ ಒಂದು ಸೀರೆ ಅಂಗಡಿಯಲ್ಲಿ ಅವರು ತುಂಬಾ ವರ್ಷ ಕೆಲಸ ಮಾಡಿದವರು. ಗಿರಾಕಿಗಳು ಚೂಡಿದಾರದಲ್ಲಿ ಬರಲಿ, ಟೀ ಶರ್ಟಿನಲ್ಲಿ ಬರಲಿ, ಅದರ ಮೇಲೇ ಸೀರೆ ಹಚ್ಚಿ ಕನ್ನಡಿಯಲ್ಲಿ ತೋರಿಸುವುದು ಅವರ ದಿನದ ಕೆಲಸವಾಗಿತ್ತು. ಬಾಗಿಲಲ್ಲೇ ನಿಂತು ಹುಡುಗಿಯನ್ನು ಒಂದು ಸಲ ನೋಡಿ, "ಸೆರಗಿನ ಭಾರ ಅಂಗಿಗೆ ಕೊಟ್ಟೀಯಲ್ಲ ತಂಗಿ. ಸೊಂಟಕ್ಕ ಕೊಡಬೇಕು" ಅಂದರು.

ಆ ಮಾತು ಅವತ್ತಿನಿಂದ ಎಷ್ಟು ಸಲ ನೆನಪಾಗಿದೆಯೋ.

ನಾವು ಉಡುವ ಕುಪ್ಪಸ ಮೈಗೆ ಬಿಗಿಯಾಗಿರುತ್ತೆ. ಒಳಗೆ ಲೈನಿಂಗ್ ಇರುತ್ತೆ. ಪಿನ್ನು ಹಾಕಿದರೆ ಆ ಬಿಗಿಯೇ ಸೆರಗನ್ನು ಹಿಡಿದುಕೊಳ್ಳುತ್ತೆ. ಸೆರಗು ಸ್ವಲ್ಪ ಎಳೆದರೂ ಕುಪ್ಪಸ ಜರುಗಲ್ಲ. ಹಾಗಾಗಿ ನಮಗೆ ಈ ಭಾರದ ವಿಷಯ ಗೊತ್ತೇ ಆಗಲ್ಲ. ಟೀ ಶರ್ಟ್ ಹಾಗಲ್ಲ. ಅದು ಬನಿಯನ್ ಥರ ಹೆಣೆದ ಬಟ್ಟೆ, ಎಳೆದ ಕಡೆ ಹೋಗುತ್ತೆ. ಬೆನ್ನ ಹಿಂದೆ ಮೊಳಕಾಲಿನವರೆಗೆ ಇಳಿಬಿದ್ದ ಸೆರಗು ಅದನ್ನು ಹಿಂದಕ್ಕೆ ಜಗ್ಗುತ್ತಲೇ ಇರುತ್ತೆ. ಮುಂದಿನ ಕತ್ತು ಗಂಟಲಿಗೆ ಏರಿದ್ದು ಅದಕ್ಕೇ. ಇನ್ನೆರಡು ಪಿನ್ನು ಹಾಕಿದರೆ ಜಗ್ಗುವ ಜಾಗ ಇನ್ನೆರಡು ಆಗುತ್ತೆ, ಅಷ್ಟೇ.

ಕಾಕು ಎಲ್ಲ ಪಿನ್ನು ಬಿಚ್ಚಿಸಿದರು. ನನ್ನ ಎಂಟು ನಿರಿಗೆಯನ್ನೂ ಬಿಚ್ಚಿದರು. "ದಡಿ ಎಷ್ಟೈತಿ ನೋಡು" ಅಂದು ಅದರ ಮೇಲೆ ನಾಲ್ಕು ಬೆರಳು ಇಟ್ಟು ತೋರಿಸಿದರು. ನಿರಿಗೆ ದಡಿಗಿಂತ ಸಣ್ಣದಾದರೆ ದಡಿಯೇ ಮಡಿಚಿಕೊಂಡು ಒಳಗೆ ಹೋಗುತ್ತೆ. ನನ್ನದು ಹಾಗೇ ಆಗಿತ್ತು. ಸೀರೆಯ ಅಗಲ ಸುಮಾರು 45 ಇಂಚು. ಎಂಟು ನಿರಿಗೆ ಹಿಡಿದರೆ ಒಂದೊಂದು ಮೂರು ಇಂಚೂ ಬರಲ್ಲ, ಭುಜದ ಮೇಲೆ ಹದಿನಾರು ಪದರ ಕೂರುತ್ತೆ. ಅಷ್ಟು ದಪ್ಪಕ್ಕೆ ಪಿನ್ನು ಸರಿಯಾಗಿ ಮುಚ್ಚುವುದೂ ಇಲ್ಲ. ಅವರು ಐದೇ ಹಿಡಿದರು. ಒಂದೊಂದು ನಾಲ್ಕೂವರೆ ಇಂಚು. ಮೇಲಿನ ನಿರಿಗೆಯಲ್ಲಿ ದಡಿ ಪೂರ್ತಿ ಕಂಡಿತು.

ಈ ಸೀರೆಗೇ ಇರುವ ಇನ್ನೊಂದು ವಿಷಯ ಅವರು ಹೇಳಿದ ಮೇಲೆ ನನಗೆ ಕಂಡಿತು. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ನೇಯುವಾಗ ಕೊಂಡಿ ಹಾಕಿ ಜೋಡಿಸ್ತಾರೆ. ಅಜ್ಜಿಯ ಸೀರೆಯಲ್ಲಿ ಮೈ ಹತ್ತಿ, ಸೆರಗು ರೇಷ್ಮೆ. ಹತ್ತಿ ಹಿಡಿದ ಹಾಗೆ ನಿಲ್ಲುತ್ತೆ, ರೇಷ್ಮೆ ಜಾರುತ್ತೆ. ನಾನು ಸೆರಗಿನ ತುದಿಯಲ್ಲಿ ನಿರಿಗೆ ಹಿಡಿದು, ಅಲ್ಲೇ ನೇರ ಮಾಡ್ತಾ ಕೂತಿದ್ದೆ. ಜಾರುವ ಕಡೆಯೇ ಗುದ್ದಾಡಿದ್ದು. ಕಾಕು ತುದಿಗೆ ಒಂದು ಬಟ್ಟೆ ಕ್ಲಿಪ್ಪು ಹಾಕಿ ಬಿಟ್ಟುಬಿಟ್ಟರು. ಆಮೇಲೆ ಕೊಂಡಿಯಿಂದ ಈಚೆ, ಹತ್ತಿಯ ಕಡೆ, ಒಂದು ತೋಳಿನ ಉದ್ದಕ್ಕೆ ನಿರಿಗೆಯ ಅಂಚುಗಳನ್ನು ಒಂದರ ಮೇಲೊಂದು ಕೂರಿಸಿದರು. ಪಿನ್ನು ಬರುವುದೂ ಆ ಹತ್ತಿಯಲ್ಲೇ. "ಕೊಂಡಿ ಮ್ಯಾಲೆ ಪಿನ್ನು ಹಾಕಬ್ಯಾಡ, ಅಲ್ಲಿ ಹರದ್ರ ತೇಪಿ ಹಾಕಾಕ ಬರೂದಿಲ್ಲ" ಅಂದರು.

ಸೆರಗಿನ ಉದ್ದವನ್ನು ಅವರು ಮೊದಲೇ ಗುರುತು ಮಾಡಿಕೊಂಡರು. ಬೆನ್ನ ಹಿಂದೆ ಮೊಳಕಾಲಿನ ಮಡಿಕೆವರೆಗೆ. ಟೋಪ ತೆನಿಯ ಬಿಳಿ ತೆನೆಗಳು ಪೂರ್ತಿ ಕಾಣಲಿ ಅಂತ. ಉಳಿದ ಬಟ್ಟೆ ಮುಂದಿನ ನಿರಿಗೆಗೆ. ನಾನು ಮುಂದಿನ ನಿರಿಗೆಯನ್ನು ಮೊದಲು ಸಿಕ್ಕಿಸಿ, ಉಳಿದದ್ದು ಸೆರಗು ಅಂತ ಮಾಡಿದ್ದೆ.

ಭುಜಕ್ಕೆ ಹೋಗುವ ಮೊದಲು ಅವರು ಬಲ ಪಕ್ಕೆಗೆ ಹೋದರು. ಸೆರಗು ಬಲಗೈ ಕೆಳಗಿಂದ ಮುಂದಕ್ಕೆ ಬರುವ ಜಾಗ ಅದು. ಅಲ್ಲಿ ಮೇಲಿನ ಅಂಚನ್ನು ಮಾತ್ರ ಹಿಡಿದು ಮೆಲ್ಲಗೆ ಬಿಗಿ ಮಾಡಿದರು. ಸಡಿಲ ಇದ್ದ ಬಟ್ಟೆಯನ್ನು ಸೊಂಟದ ಹಿಂದೆ ಬಲಗಡೆ ಪರಕಾರದೊಳಗೆ ಸಿಕ್ಕಿಸಿ, ಅಲ್ಲಿ ಒಂದು ಪಿನ್ನು ಹಾಕಿದರು. ಭಾರ ಸೊಂಟಕ್ಕೆ ಕೊಡುವುದು ಅಂದರೆ ಇದೇ. ಆಮೇಲೆ ಎದೆಯ ಮೇಲಿನ ನಿರಿಗೆಗಳನ್ನು ಒಂದೊಂದಾಗಿ ಬಿಡಿಸುತ್ತಾ ಬಂದರು. ಮೇಲಿನದು ಬಿಗಿ, ಅದರ ಕೆಳಗಿನದು ಸ್ವಲ್ಪ ಸಡಿಲ, ಅದರ ಕೆಳಗಿನದು ಇನ್ನೂ ಸ್ವಲ್ಪ. ಭುಜದಲ್ಲಿ ಒಟ್ಟಿಗೆ ಇದ್ದದ್ದು ಸೊಂಟಕ್ಕೆ ಬರುವಷ್ಟರಲ್ಲಿ ಬೀಸಣಿಕೆಯ ಹಾಗೆ ತೆರೆದುಕೊಂಡಿತು. ನಾನು ಎಲ್ಲವನ್ನೂ ಒಂದೇ ಸಮ ಎಳೆದಿದ್ದೆ. ಹಾಗೆ ಎಳೆದರೆ ನಿರಿಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತೆ. ಕಂಕುಳ ಹತ್ತಿರ ಬಟ್ಟೆ ಗಂಟು ಬಿದ್ದರೆ ಎಲ್ಲೋ ಹೀಗೆ ಎಳೆದಿದ್ದೀವಿ ಅಂತಲೇ ಅರ್ಥ. ಕಪ್ಪು ಟೀ ಶರ್ಟಿನ ಮೇಲೆ ಇದು ಬೇಗ ಕಣ್ಣಿಗೆ ಬೀಳುತ್ತೆ. ಕಸೂತಿ ಇಲ್ಲ, ಕುಪ್ಪಸದ ಕತ್ತಿನ ಆಕಾರ ಇಲ್ಲ. ನೋಡಲು ಇರುವುದು ಆ ಸೆರಗಿನ ಓರೆ ಗೆರೆ ಒಂದೇ.

ಆಮೇಲೆ ಆ ಪಿನ್ನು.

ಭುಜದಲ್ಲಿ ಪಿನ್ನು ಎರಡು, ಆದರೆ ಎರಡಕ್ಕೂ ಬೇರೆ ಬೇರೆ ಕೆಲಸ. ಮೊದಲನೆಯದು ನಿರಿಗೆಗಳನ್ನು ಒಂದಕ್ಕೊಂದು ಹಿಡಿಯಲು, ಒಳಗಿನಿಂದ. ಅದು ಅಂಗಿಗೆ ತಾಗಲ್ಲ. ಎರಡನೆಯದು ಆ ಕಂತೆಯನ್ನು ಅಂಗಿಗೆ ಹಿಡಿಯಲು. ಒಂದೇ ಪಿನ್ನಿನಲ್ಲಿ ಎರಡೂ ಕೆಲಸ ಮಾಡಿಸಿದರೆ ಕೈ ಆಡಿದಾಗಲೆಲ್ಲ ನಿರಿಗೆ ಓರೆ ಆಗುತ್ತೆ. ಪಿನ್ನಿನ ಸುರುಳಿಯ ಕಡೆ ಕಾಕು ಒಂದು ಸಣ್ಣ ಮಣಿ ಪೋಣಿಸಿದ್ದರು, ಎಳೆ ಸುರುಳಿಯೊಳಗೆ ಸಿಕ್ಕಬಾರದು ಅಂತ. ಜಾಗ ಭುಜದ ತುದಿ ಅಲ್ಲ, ಕತ್ತಿಗೆ ಹತ್ತಿರ, ಟೀ ಶರ್ಟಿನ ಭುಜದ ಹೊಲಿಗೆಯ ಮೇಲೆ. ಅಲ್ಲಿ ಬಟ್ಟೆ ಎರಡು ಮೂರು ಪದರ ಇರುತ್ತೆ, ಅಷ್ಟು ಹಿಗ್ಗಲ್ಲ, ತೂತೂ ಬೀಳಲ್ಲ. ಅದರ ಒಳಗೆ ಎರಡು ಬೆರಳಗಲದ ಖಣದ ಚೂರು ಮಡಚಿ ಇಟ್ಟರು. ಕುಪ್ಪಸದ ದಪ್ಪ ಅಂಗಿಗೆ ಅಷ್ಟು ಜಾಗದಲ್ಲಾದರೂ ಬರಲಿ ಅಂತ. ಮೇಲಿನ ನಿರಿಗೆಯನ್ನು ಎತ್ತಿ, ಉಳಿದವುಗಳ ಮೂಲಕ, ಹೊಲಿಗೆ, ಖಣ ಎರಡೂ ಸೇರಿಸಿ ಚುಚ್ಚಿದರು. ಮೇಲಿನ ನಿರಿಗೆ ಇಳಿಸಿದ ಮೇಲೆ ಪಿನ್ನು ಕಾಣಲೇ ಇಲ್ಲ.

ಚುಚ್ಚುವ ಮುಂಚೆ ಕೇಳಿದರು. "ಕೈ ಒಳಗ ಇಡ್ಲ್ಯಾ ಪುಟ್ಟಿ?" ಅವಳು ಹ್ಞೂಂ ಅಂದ ಮೇಲೇ ಬೆರಳು ಇಟ್ಟರು.

ನಾನು ಹಾಗೆ ಕೇಳಿರಲಿಲ್ಲ. ಚಿಕ್ಕಂದಿನಿಂದ ಎತ್ತಿ ಆಡಿಸಿದ ಮಗು, ಕೇಳುವುದೇನು ಅಂತ ನೇರವಾಗಿ ಅಂಗಿ ಹಿಡಿದು ಜಗ್ಗಿದ್ದೆ. ಎರಡು ಸಲ ಅವಳಿಗೆ ಚುಚ್ಚಿಯೂ ಇತ್ತು. ಅವಳು ಸುಮ್ನೆ ನಿಂತಿದ್ದಳು. ನನಗೂ ನನ್ನ ಮದುವೆಯಲ್ಲಿ ಹೀಗೇ ಆಗಿತ್ತು. ನಾಲ್ಕು ಜನ ಸುತ್ತ ನಿಂತು ಉಡಿಸಿದರು. ಯಾರೋ ತಿರುಗು ಅಂದರು, ಯಾರೋ ಉಸಿರು ಹಿಡಿ ಅಂದರು. ಭುಜಕ್ಕೆ ಪಿನ್ನು ತಾಗಿದರೂ ನಾನು ಬಾಯಿ ಬಿಡಲಿಲ್ಲ. ಸಂಜೆ ನೋಡಿದರೆ ಕುಪ್ಪಸದ ಒಳಗೆ ರಕ್ತದ ಚುಕ್ಕೆ ಇತ್ತು. ನಮ್ಮಜ್ಜಿ ಪಿನ್ನು ಹಾಕಿದವಳೇ ಅಲ್ಲ. ತಲೆ ಮೇಲೆ ಸೆರಗು, ತುದಿ ಸೊಂಟಕ್ಕೆ ಸಿಕ್ಕಿಸಿ ಹೊಲಕ್ಕೆ ಹೋಗಿ ಬಂದವಳು. ಈ ಸೀರೆಯನ್ನೇ ಹಾಗೆ ಉಟ್ಟಿದ್ದಾಳೆ. ಅವಳ ಭಾರವೂ ಸೊಂಟದಲ್ಲೇ ಇತ್ತು, ಅಲ್ವಾ.

ಕೊನೆಗೆ ಕಾಕು, "ಚಿಗರಿ ಬಸ್ಸಿನ್ಯಾಗ ನಿಂತಂಗ ಕೈ ಎತ್ತು" ಅಂದರು. ಧಾರವಾಡದವರೆಗೆ ಅವಳು ಹಿಡಿಕೆ ಹಿಡಿದು ನಿಂತೇ ಹೋಗಬೇಕಿತ್ತು. ಎಡಗೈ ಎತ್ತಿದಳು. ಕತ್ತು ಸ್ವಲ್ಪ ಜರುಗಿತು. ಕಾಕು ಪಿನ್ನು ಬಿಚ್ಚಿ, ಪಿನ್ನಿನ ಮುಂದೆ ಎರಡು ಬೆರಳಷ್ಟು ಬಟ್ಟೆ ಸಡಿಲ ಬಿಟ್ಟು, ಮತ್ತೆ ಹಾಕಿದರು. ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಬೆರಳು. ಈ ಸಲ ಕೈ ಎತ್ತಿದಾಗ ಕತ್ತು ಜರುಗಲಿಲ್ಲ. ಕೂತು ಎದ್ದಳು, ಬಗ್ಗಿದಳು. ಗೆರೆ ಹಾಗೇ ಇತ್ತು.

ರಾತ್ರಿ ಎಂಟಕ್ಕೆ ಬಂದಳು. ಕೆಳಗಿನ ನಿರಿಗೆಗಳು ಬಸ್ಸಿನಲ್ಲಿ ಮುದುಡಿದ್ದವು. ಭುಜದ ಮೇಲಿನದು ಮುದುಡಿರಲಿಲ್ಲ. ಪಿನ್ನು ಬಿಚ್ಚಲು ನನ್ನ ಮುಂದೆ ಬಂದು ನಿಂತಳು. "ಕೈ ಒಳಗ ಇಡ್ಲ್ಯಾ?" ಅಂದೆ. ಅವಳು ನನ್ನ ಮುಖ ನೋಡಿ ನಕ್ಕು, ಹ್ಞೂಂ ಅಂದಳು.

"ಚಿಗವ್ವ, ಕೈ ತಣ್ಣಗದಾವ" ಅಂದಳು.