ಏಣಿಯನ್ನು ಹಿಂದಿನಿಂದ ಹತ್ತಿ

"ಸಾರ್, Z ಪ್ಯಾರಾಮೀಟರ್ ಗೊತ್ತಿದ್ರೆ ಎಲ್ಲಾ ಗೊತ್ತಾದ ಹಾಗೇ ಅಲ್ವಾ? ಮತ್ತೆ ಈ ABCD ಯಾಕೆ, ಸುಮ್ನೆ?"

ಕೊನೆಯಲ್ಲಿ ಒಂದು "ಸುಮ್ನೆ" ಇದೆಯಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ. ಯಾರೋ ಕೆಲಸವಿಲ್ಲದವರು ಕೂತು ಇನ್ನೊಂದು ಮ್ಯಾಟ್ರಿಕ್ಸ್ ಹೆಣೆದು ಮಕ್ಕಳ ತಲೆ ಮೇಲೆ ಹೊರಿಸಿದ ಹಾಗೆ.

ಸುಮ್ನೆ ಅಲ್ಲ. ಒಳಗೆ ಒಂದು ಜೋಡಿ ತುದಿ, ಹೊರಗೆ ಒಂದು ಜೋಡಿ ತುದಿ ಇರುವ ಸರ್ಕ್ಯೂಟನ್ನು ನಾಲ್ಕು ಸಂಖ್ಯೆಗಳಲ್ಲಿ ಹಿಡಿದಿಡುವ ಎರಡು ರೀತಿಗಳೇ Z ಮತ್ತು ABCD; ಆ ಒಂದೊಂದು ಜೋಡಿಗೆ ಪೋರ್ಟ್ ಅನ್ನುತ್ತೇವೆ. ಸರ್ಕ್ಯೂಟ್ ಒಂದೇ ತುಂಡಾಗಿದ್ದರೆ ಸಾಮಾನ್ಯವಾಗಿ Z ಸಾಕು. ಒಂದರ ಬೆನ್ನಿಗೆ ಇನ್ನೊಂದನ್ನು ಜೋಡಿಸಿದ ಕೂಡಲೇ Z ಕೈಕೊಡುತ್ತದೆ, ABCD ಕೈಹಿಡಿಯುತ್ತದೆ. ಉತ್ತರ ಇಷ್ಟೇ. ಇಲ್ಲಿಗೇ ಎದ್ದು ಹೋದರೂ ನನಗೆ ಬೇಜಾರಿಲ್ಲ.

ಕೂತವರಿಗೆ ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಓದುವ ಕಾಲದಲ್ಲಿ ಬ್ರೆಡ್‌ಬೋರ್ಡ್ ಮೇಲೆ ಒಂದು ಲ್ಯಾಡರ್ ಕಟ್ಟಿದ್ದೆ. ಮೊದಲು ಸೀರೀಸ್‌ನಲ್ಲಿ 1 ಕಿಲೋ ಓಮ್, ಆಮೇಲೆ ಗ್ರೌಂಡ್‌ಗೆ 2 ಕಿಲೋ ಓಮ್. ಮತ್ತೆ ಸೀರೀಸ್ 1, ಮತ್ತೆ ಗ್ರೌಂಡ್‌ಗೆ 2. ಒಂದೇ ಥರದ ಎರಡು ಸೆಕ್ಷನ್. ಒಂದು ಸೆಕ್ಷನ್‌ಗೆ ಲೆಕ್ಕ ಸುಲಭ: ಹೊರಗೆ 1 ವೋಲ್ಟ್ ಬರಬೇಕಾದರೆ ಒಳಗೆ 1.5 ವೋಲ್ಟ್ ಕೊಡಬೇಕು. ಹಾಗಾದರೆ ಎರಡಕ್ಕೆ 1.5 ಗುಣಿಸು 1.5, ಅಂದರೆ 2.25, ಅಲ್ವಾ? 5.5 ವೋಲ್ಟ್ ಕೊಟ್ಟೆ. ಸುಮಾರು 2.44 ಬರುತ್ತದೆ ಅಂತ ಕಾದೆ. ಮೀಟರ್ 2 ವೋಲ್ಟ್ ತೋರಿಸಿತು.

ಮೀಟರ್ ಬದಲಾಯಿಸಿದೆ. ರೆಸಿಸ್ಟರ್‌ಗಳನ್ನು ಒಂದೊಂದಾಗಿ ಕಿತ್ತು ಅಳೆದೆ. ಬೋರ್ಡಿನ ತೂತುಗಳು ಸಡಿಲ ಅಂತ ಪಕ್ಕದ ಸಾಲಿಗೆ ಎಲ್ಲವನ್ನೂ ಎತ್ತಿ ಹಾಕಿದೆ. ಆಗಲೂ 2. ಇಡೀ ಮಧ್ಯಾಹ್ನ ಹೋಯಿತು. ತಪ್ಪು ಬೋರ್ಡಿನದಲ್ಲ, ನನ್ನ ಗುಣಾಕಾರದ್ದು. ಎರಡನೇ ಸೆಕ್ಷನ್ ಮೊದಲನೆಯದರಿಂದ ಕರೆಂಟ್ ಎಳೆಯುತ್ತದೆ. ಹಾಗೆ ಎಳೆದಾಗ ಮೊದಲನೆಯದರ ವೋಲ್ಟೇಜ್ ಕುಸಿಯುತ್ತದೆ. ನಾನು ಎರಡನ್ನೂ ಬೇರೆ ಬೇರೆ, ತುದಿ ತೆರೆದಿಟ್ಟು ನೋಡಿದ ಅನುಪಾತವನ್ನು ಗುಣಿಸಿ ಕೂತಿದ್ದೆ.

ಈಗ ABCD ಏನು ಮಾಡುತ್ತದೆ ನೋಡಿ. Z ಕೇಳುವುದು, "ಎರಡೂ ಬದಿಯಲ್ಲಿ ಕರೆಂಟ್ ಒಳಗೆ ತಳ್ಳಿದರೆ ವೋಲ್ಟೇಜ್ ಎಷ್ಟು?" ABCD ಕೇಳುವುದು, "ಹೊರಗಡೆ ಇಷ್ಟು ವೋಲ್ಟೇಜ್, ಇಷ್ಟು ಕರೆಂಟ್ ಬೇಕು, ಒಳಗಡೆ ಏನೇನು ಕೊಡಬೇಕು?"

```
V1 = Z11·I1 + Z12·I2
V2 = Z21·I1 + Z22·I2

V1 = A·V2 + B·(−I2)
I1 = C·V2 + D·(−I2)
```

1 ಅಂದರೆ ಒಳಗಿನ ಪೋರ್ಟ್, 2 ಅಂದರೆ ಹೊರಗಿನದು. ಆ ಮೈನಸ್ ಮೇಲೆ ಕಣ್ಣಿಡಿ. Z ಬರೆಯುವಾಗ I2 ಪೋರ್ಟಿನ ಒಳಕ್ಕೆ ಹೋಗುತ್ತದೆ. ABCD ಯಲ್ಲಿ ನಮಗೆ ಬೇಕಾದದ್ದು ಹೊರಕ್ಕೆ ಬರುವ ಕರೆಂಟ್. ಯಾಕೆಂದರೆ ಮೊದಲ ಸೆಕ್ಷನ್‌ನಿಂದ ಹೊರಗೆ ಬಂದದ್ದೇ ಎರಡನೆಯದರ ಒಳಗೆ ಹೋಗುತ್ತದೆ, ವೋಲ್ಟೇಜೂ ಅದೇ, ಕರೆಂಟೂ ಅದೇ. ಅದಕ್ಕೇ ಮ್ಯಾಟ್ರಿಕ್ಸ್‌ಗಳನ್ನು ಸುಮ್ಮನೆ ಗುಣಿಸಬಹುದು. Z ಮ್ಯಾಟ್ರಿಕ್ಸ್‌ಗಳನ್ನು ಗುಣಿಸಿದರೆ ಓಮ್ ಗುಣಿಸು ಓಮ್ ಬರುತ್ತದೆ. ಅದು ಯಾವ ಪೋರ್ಟಿನ ಏನು ಅಂತ ಹೇಳಿದವರಿಗೆ ನನ್ನ ನಮಸ್ಕಾರ.

ನನ್ನ ಒಂದು ಸೆಕ್ಷನ್‌ಗೆ A = 1.5, B = 1, C = 0.5, D = 1. B ಕಿಲೋ ಓಮ್‌ನಲ್ಲಿ, C ಅದರ ತಲೆಕೆಳಗಿನ ಯೂನಿಟ್‌ನಲ್ಲಿ. ಅದನ್ನು ಅದರಿಂದಲೇ ಗುಣಿಸಿದರೆ ಹೊಸ A ಎಷ್ಟು? 1.5 × 1.5 + 1 × 0.5, ಅಂದರೆ 2.75. ಆ ಜಾಸ್ತಿ ಬಂದ 0.5 ಇದೆಯಲ್ಲ, ಅದೇ ನನ್ನ ಮಧ್ಯಾಹ್ನ. ಎರಡನೆಯದು ಎಳೆದ ಕರೆಂಟ್, ಮೊದಲನೆಯದರಲ್ಲಿ ಆದ ಕುಸಿತ. 5.5 ನ್ನು 2.75 ರಿಂದ ಭಾಗಿಸಿ. ಮೀಟರ್ ಸರಿಯಾಗಿಯೇ ಇತ್ತು.

ಇಷ್ಟೆಲ್ಲ ಕೇಳಿದ ಮೇಲೂ "ಫಾರ್ಮುಲಾ ಕೊಟ್ಬಿಡಿ ಸಾರ್" ಅನ್ನುತ್ತಾರೆ. ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, "ಲ್ಯಾಡರನ್ನು ಯಾವ ತುದಿಯಿಂದ ಬಿಡಿಸಬೇಕು?" ಅಂತ ಕೇಳಲಿ ಅಂತ ಎಷ್ಟು ವರ್ಷದಿಂದ ಕಾಯುತ್ತಿದ್ದೇನೆ. ಯಾರೂ ಕೇಳಿಲ್ಲ. ನಾನೇ ಹೇಳಿಬಿಡುತ್ತೇನೆ.

ಹಿಂದಿನ ತುದಿಯಿಂದ. ಮ್ಯಾಟ್ರಿಕ್ಸೂ ಬೇಡ. ಹೊರಗಿನ ತುದಿ ತೆರೆದಿಡಿ, ಅಲ್ಲಿ 1 ವೋಲ್ಟ್ ಇದೆ ಅಂದುಕೊಳ್ಳಿ. ಕೊನೆಯ 2 ಕಿಲೋದಲ್ಲಿ 0.5 ಮಿಲಿಆಂಪ್ ಹರಿಯುತ್ತದೆ. ಅದು ಬಂದದ್ದು ಅದರ ಹಿಂದಿನ 1 ಕಿಲೋ ದಾಟಿ, ಅಲ್ಲಿ 0.5 ವೋಲ್ಟ್ ಬಿತ್ತು. ನಡುವಿನ ನೋಡ್‌ನಲ್ಲಿ 1.5 ವೋಲ್ಟ್. ಅಲ್ಲಿಂದ ಗ್ರೌಂಡ್‌ಗೆ 0.75 ಮಿಲಿಆಂಪ್. ಒಟ್ಟು 1.25. ಅದು ಮೊದಲ 1 ಕಿಲೋದಲ್ಲಿ 1.25 ವೋಲ್ಟ್ ಬೀಳಿಸುತ್ತದೆ. ಒಳಗೆ 2.75 ವೋಲ್ಟ್, 1.25 ಮಿಲಿಆಂಪ್. A ಮತ್ತು C ಸಿಕ್ಕಿದವು.

ಈಗ ಆ ತುದಿಯನ್ನು ಶಾರ್ಟ್ ಮಾಡಿ, ಹೊರಕ್ಕೆ 1 ಮಿಲಿಆಂಪ್ ಬರುತ್ತಿದೆ ಅನ್ನಿ. ಕೊನೆಯ 2 ಕಿಲೋ ಮಲಗಿಬಿಟ್ಟಿತು, ಅದರಲ್ಲಿ ಏನೂ ಹರಿಯುವುದಿಲ್ಲ. ನಡುವಿನ ನೋಡ್‌ನಲ್ಲಿ 1 ವೋಲ್ಟ್, ಅಲ್ಲಿಂದ ಗ್ರೌಂಡ್‌ಗೆ 0.5, ಒಟ್ಟು 1.5 ಮಿಲಿಆಂಪ್. ಒಳಗೆ 2.5 ವೋಲ್ಟ್. B = 2.5, D = 1.5.

ಮುಂದಿನ ತುದಿಯಿಂದ ಹೊರಟರೆ ಪ್ರತಿ ನೋಡ್‌ನಲ್ಲೂ ಕರೆಂಟ್ ಹೇಗೆ ಹಂಚಿಹೋಯಿತು ಅಂತ ಸಮೀಕರಣ ಹಾಕಬೇಕು. ಹಿಂದಿನಿಂದ ಬಂದರೆ ಬರೀ ಕೂಡುವುದು, ಗುಣಿಸುವುದು.

Z ಬೇಕಾ? ಅದೂ ಇಲ್ಲೇ ಇದೆ. Z11 ಅಂದರೆ A/C, 2.2. Z21 ಅಂದರೆ 1/C, 0.8. Z22 ಅಂದರೆ D/C, 1.2. ಎಲ್ಲ ಕಿಲೋ ಓಮ್. ನಂಬಿಕೆ ಇಲ್ಲದಿದ್ದರೆ ಮೊದಲನೆಯದನ್ನು ನೇರವಾಗಿ ನೋಡಿ: 1 ಕಿಲೋ, ಅದರ ಮುಂದೆ ಗ್ರೌಂಡ್‌ಗೆ ಹೋಗುವ 2, ಅದಕ್ಕೆ ಪ್ಯಾರಲಲ್ ಆಗಿ ಎರಡನೇ ಸೆಕ್ಷನ್‌ನ 1 + 2, ಅಂದರೆ 3. 1 + 1.2. ಆದರೆ C ಸೊನ್ನೆ ಆದರೆ ಭಾಗಿಸಲಾಗದು. ಸೀರೀಸ್‌ನಲ್ಲಿ ಒಂದೇ ರೆಸಿಸ್ಟರ್, ಗ್ರೌಂಡ್‌ಗೆ ಏನೂ ಇಲ್ಲ ಅಂದಾಗ ಆಗುವುದು ಅದೇ. ಅದಕ್ಕೆ Z ಪ್ಯಾರಾಮೀಟರೇ ಇಲ್ಲ, ABCD ಇದೆ. "Z ಗೊತ್ತಿದ್ರೆ ಎಲ್ಲಾ ಗೊತ್ತು" ಅಂದವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲಿ.

ತಪ್ಪಾಗಿದೆಯಾ ಅಂತ ತಿಳಿಯಲು AD − BC ಹಾಕಿ. ಬರೀ ರೆಸಿಸ್ಟರ್‌ಗಳ ಲ್ಯಾಡರ್‌ಗೆ ಅದು 1 ಬರಲೇಬೇಕು. ನಮ್ಮದು 4.125 − 3.125, ಸರಿ. −1 ಬಂದರೆ ಲೆಕ್ಕವನ್ನೆಲ್ಲ ಅಳಿಸಬೇಡಿ, I2 ದಿಕ್ಕು ಉಲ್ಟಾ ಹಿಡಿದಿದ್ದೀರಿ ಅಷ್ಟೇ. ಬೇರೆ ಏನೋ ಬಂದರೆ ಮಾತ್ರ ಮೊದಲಿನಿಂದ.

ಆದರೆ ಈ ಪರೀಕ್ಷೆಗೆ ಸಿಗದ ತಪ್ಪು ಒಂದಿದೆ. ಲ್ಯಾಡರನ್ನು ತಿರುಗಿಸಿ ಹಿಡಿದರೆ A ಮತ್ತು D ಜಾಗ ಬದಲಿಸುತ್ತವೆ, AD − BC ಅಲ್ಲಾಡುವುದೇ ಇಲ್ಲ. ಹೋದ ಸಲ ಒಬ್ಬಳು ಬಂದು, "ಸಾರ್, ನಿಮ್ಮ 2.75 ತಪ್ಪು, ನಾನು 5.5 ಕೊಟ್ಟೆ, 3.67 ಬಂತು" ಅಂದಳು. ಬೋರ್ಡ್ ತೆಗೆದುಕೊಂಡು ನೋಡಿದೆ. ಸಪ್ಲೈ ವೈರು ಇನ್ನೊಂದು ತುದಿಗೆ ಚುಚ್ಚಿತ್ತು. 5.5 ನ್ನು 1.5 ರಿಂದ ಭಾಗಿಸು ಅಂದೆ.